ಕಿವಿಗೆ ಬರೆದ ಒಪ್ಪಿಗೆ ಪತ್ರ

ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಿಂದ ನನ್ನ ಕಡತ ವಾಪಸ್ ಬಂದಾಗ ಜೊತೆಗೆ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಒಂದೇ ಸಂಜೆ ಕೂತು ಉತ್ತರ ಬರೆದೆ. ಹನ್ನೊಂದನೆಯದು ಮೂರು ತಿಂಗಳು ತಿಂದಿತು. ಅದು ಹೀಗಿತ್ತು: "ನಿಮ್ಮ ಪ್ರೋಟೊಕಾಲ್ ಪ್ರಕಾರ ಭಾಗವಹಿಸುವವರಲ್ಲಿ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲಿ 'ನಾನು ಮೇಲಿನ ಮಾಹಿತಿಯನ್ನು ಓದಿ ಅರ್ಥಮಾಡಿಕೊಂಡಿದ್ದೇನೆ' ಎಂದಿದೆ. ವಿವರಿಸಿ."

ವಿವರಿಸೋಕೆ ಏನಿತ್ತು? ಓದೋಕೆ ಬಾರದವರ ಕೈಯಲ್ಲಿ "ಓದಿದ್ದೇನೆ" ಅಂತ ಹೆಬ್ಬೆಟ್ಟು ಒತ್ತಿಸಲು ಹೊರಟಿದ್ದೆ. ಮಾದರಿ ನಮೂನೆಯಲ್ಲಿ ಆ ಸಾಲು ಇತ್ತು, ನಾನು ಅನುವಾದ ಮಾಡಿದ್ದೆ, ಅಷ್ಟೇ.

ಅಧ್ಯಯನದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಕಟ್ಟಡ ಕೆಲಸಕ್ಕೆ ಹೋಗುವ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರಿಗೆ ಕಬ್ಬಿಣಾಂಶದ ಗುಳಿಗೆ ಕೊಡುವುದು. ಅರ್ಧ ಜನರಿಗೆ ದಿನಾ ಒಂದು, ಉಳಿದ ಅರ್ಧಕ್ಕೆ ದಿನ ಬಿಟ್ಟು ದಿನ ಒಂದು. ಕಬ್ಬಿಣದ ಗುಳಿಗೆ ನುಂಗಿದ ಮೇಲೆ ದೇಹದಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರುತ್ತದೆ. ಅದು ಮುಂದಿನ ಡೋಸಿನಿಂದ ಕಬ್ಬಿಣ ಹೀರುವುದನ್ನು ಕಡಿಮೆ ಮಾಡುತ್ತದೆ. ಹಾಗಾದರೆ ನಡುವೆ ಒಂದು ದಿನ ಬಿಟ್ಟರೆ ಹೇಗೆ, ಹೊಟ್ಟೆ ತೊಂದರೆಯೂ ಕಡಿಮೆ ಆಗಬಹುದಾ, ಇದು ನಮ್ಮ ಪ್ರಶ್ನೆ. ಹನ್ನೆರಡು ವಾರ, ಎರಡು ಸಲ ರಕ್ತ ತೆಗೆಯುವುದು, ಪ್ರತಿ ಸಲ 5 ಮಿ.ಲೀ.

ಮೊದಲ ಕರಡು ಒಂಬತ್ತು ಪುಟ ಇತ್ತು. ಯಾದೃಚ್ಛಿಕ ಹಂಚಿಕೆ, ಗೌಪ್ಯತೆ, ಸ್ವಯಂಪ್ರೇರಿತ ಭಾಗವಹಿಸುವಿಕೆ, ಪ್ರತಿಕೂಲ ಪರಿಣಾಮ, ಎಲ್ಲವೂ ಇದ್ದವು. ಕಮಿಟಿಯ ಪ್ರಶ್ನೆ ಬಂದ ಮೇಲೆ ಅದನ್ನು ನಮ್ಮ ತಂಡದ ನರ್ಸ್ ಎದುರು ಗಟ್ಟಿಯಾಗಿ ಓದಿದೆ. ಗಡಿಯಾರ ನೋಡಿಕೊಂಡು ಓದಿದ್ದರಿಂದ ನೆನಪಿದೆ, ಮೂವತ್ತನಾಲ್ಕು ನಿಮಿಷ ಬೇಕಾಯಿತು. ಕೊನೆಯಲ್ಲಿ ಅವರು ಅಂದರು, "ಮೇಡಂ, ಬೇಜಾರು ಮಾಡ್ಕೋಬೇಡಿ, ನನಗೇ ನಾಲ್ಕನೇ ಪುಟದಲ್ಲಿ ಗಮನ ಹೋಯ್ತು."

ಆಗ ಹೊಳೆದದ್ದು ಇಷ್ಟು. ಈ ಕಾಗದವನ್ನು ಯಾರೂ ಕಣ್ಣಿನಲ್ಲಿ ಓದುವುದಿಲ್ಲ. ಯಾರೋ ಓದುತ್ತಾರೆ, ಇನ್ಯಾರೋ ಕೇಳುತ್ತಾರೆ. ಕೇಳುವವರು ಹಿಂದಿನ ಸಾಲಿಗೆ ಹೋಗಿ ಮತ್ತೆ ನೋಡೋಕಾಗಲ್ಲ. ಅಂದರೆ ನಾನು ಬರೆಯಬೇಕಿದ್ದದ್ದು ಮಾತು.

ಇಂಗ್ಲಿಷಿನಲ್ಲಿ ಬರೆಯುವವರು ಓದಿನ ಮಟ್ಟ ಅಳೆಯುವ ಸೂತ್ರ ಬಳಸುತ್ತಾರೆ. ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಅಂತ ಎಣಿಸಿ ಅಂಕ ಕೊಡುತ್ತದೆ. ಕನ್ನಡಕ್ಕೆ ಅದು ಕೆಲಸ ಮಾಡಲ್ಲ. "ಹಿಂತೆಗೆದುಕೊಳ್ಳಬಹುದಾಗಿರುತ್ತದೆ" ಅನ್ನುವುದು ಲೆಕ್ಕಕ್ಕೆ ಒಂದೇ ಪದ. ಅದಕ್ಕೇ ನಾನು ಬೇರೆ ಅಳತೆ ಇಟ್ಟುಕೊಂಡೆ. ವಾಕ್ಯ ಒಂದೇ ಉಸಿರಿಗೆ ಮುಗಿಯಬೇಕು. ಮುಗಿಯದಿದ್ದರೆ ಎರಡು ಮಾಡಬೇಕು. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಬೇಕು. "ಮಾಡಲಾಗುವುದು", "ತೆಗೆಯಲಾಗುವುದು" ಬಂದ ಕಡೆಯಲ್ಲೆಲ್ಲ ಯಾರು ಮಾಡುತ್ತಾರೆ ಅಂತ ಹೇಳಬೇಕು. "ರಕ್ತ ಸಂಗ್ರಹಿಸಲಾಗುವುದು" ಹೋಗಿ "ನಮ್ಮ ನರ್ಸ್ ನಿಮ್ಮ ಕೈಯಿಂದ ರಕ್ತ ತೆಗೆಯುತ್ತಾರೆ" ಆಯಿತು.

ಹಿಂದೆ ಸರಿಯುವ ಹಕ್ಕಿನ ಸಾಲು ಮೊದಲು ಹೀಗಿತ್ತು: "ಭಾಗವಹಿಸುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಕಾರಣ ನೀಡದೆ ಹಾಗೂ ತಮ್ಮ ಚಿಕಿತ್ಸೆಗೆ ಬಾಧಕವಾಗದಂತೆ ಹಿಂದೆ ಸರಿಯುವ ಹಕ್ಕು ತಮಗಿರುತ್ತದೆ." ಇದರಲ್ಲಿ ನಾಲ್ಕು ವಿಷಯ ಇವೆ. ಬಿಡಿಸಿ ಬರೆದೆ: "ಇದಕ್ಕೆ ಸೇರಲೇಬೇಕು ಅಂತ ಇಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಯಾಕೆ ಬಿಟ್ಟಿರಿ ಅಂತ ಹೇಳಬೇಕಾಗಿಲ್ಲ. ಸೇರದಿದ್ದರೂ, ನಡುವೆ ಬಿಟ್ಟರೂ, ರಕ್ತ ಕಡಿಮೆ ಇರುವುದಕ್ಕೆ ಕೊಡುವ ಮಾಮೂಲಿ ಗುಳಿಗೆ ನಿಮಗೆ ಸಿಗುತ್ತದೆ." ಉದ್ದ ಏನೂ ಕಡಿಮೆಯಾಗಲಿಲ್ಲ. ಆದರೆ ಕೊನೆಯ ಮಾತು ಕಿವಿಗೆ ಬಿತ್ತು. ಗುಳಿಗೆ ತಪ್ಪಿಹೋಗುತ್ತದೆ ಅನ್ನುವ ಭಯದಲ್ಲಿ ಹೂಂ ಅನ್ನುವವರು ಇರುತ್ತಾರೆ. ಅವರಿಗೆ ಆ ಸಾಲೇ ಮುಖ್ಯ.

ಎರಡನೇ ಕರಡು ನಾಲ್ಕು ಪುಟಕ್ಕೆ ಇಳಿಯಿತು. ಓದೋಕೆ ಹನ್ನೊಂದು ನಿಮಿಷ. ನನಗೆ ಖುಷಿಯೋ ಖುಷಿ. ಗೈಡ್ ಮಾತ್ರ, "ಯಾರಿಗಾದರೂ ಓದಿ ಹೇಳಿದ್ದೀಯಾ?" ಅಂದರು.

ಪರೀಕ್ಷೆ ಮಾಡಬೇಕು, ಆದರೆ ಒಪ್ಪಿಗೆ ಸಿಗುವ ಮೊದಲು ಜನರ ಹತ್ತಿರ ಹೋಗಬಹುದಾ? ಸುಮ್ನೆ ಹೋಗಿಬಿಡಬಾರದು ಅನ್ನಿಸಿ ಕಮಿಟಿಯ ಕಾರ್ಯದರ್ಶಿಗೆ ಬರೆದು ಕೇಳಿದೆ. ಅಧ್ಯಯನಕ್ಕೆ ಸೇರದ ಜನ ಇರಬೇಕು, ಅವರ ಆರೋಗ್ಯದ ಬಗ್ಗೆ ಏನೂ ಕೇಳಬಾರದು, ಹೆಸರು ಬರೆದುಕೊಳ್ಳಬಾರದು, ಮಾತು ಅರ್ಥವಾಗುತ್ತದಾ ಅಂತ ಮಾತ್ರ ನೋಡಬೇಕು, ಹಾಗಾದರೆ ಸರಿ ಅಂತ ಉತ್ತರ ಬಂತು. ಬೇರೆ ಕಮಿಟಿ ಇದಕ್ಕೂ ಅರ್ಜಿ ಕೇಳಬಹುದು. ಕೇಳಿ ಉತ್ತರವನ್ನು ಕಡತದಲ್ಲಿ ಇಟ್ಟುಕೊಳ್ಳುವುದು ವಾಸಿ.

ಎಂಟು ಹೆಂಗಸರಿಗೆ, ಒಬ್ಬೊಬ್ಬರಿಗೇ, ಓದಿ ಹೇಳಿದೆ. ಓದಿ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳಿದರೆ ಎಂಟೂ ಜನ "ಹೂಂ" ಅನ್ನುತ್ತಾರೆ. ಅದು ಉತ್ತರ ಅಲ್ಲ, ಮರ್ಯಾದೆ. ಹಾಗಾಗಿ ಹೀಗೆ ಕೇಳಿದೆ: "ನಾನು ಸರಿಯಾಗಿ ಹೇಳಿದ್ದೀನಾ ಇಲ್ವಾ ಅಂತ ನೋಡ್ಕೋಬೇಕು. ಮನೆಗೆ ಹೋದ ಮೇಲೆ 'ಏನು ಹೇಳಿದ್ರು' ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ?" ತಪ್ಪು ನನ್ನ ಮೇಲೆ ಹಾಕಿಕೊಂಡರೆ ಅವರಿಗೆ ಪರೀಕ್ಷೆ ಬರೆದ ಹಾಗೆ ಅನ್ನಿಸುವುದಿಲ್ಲ.

ಗುಳಿಗೆ ವಿಷಯ ಎಲ್ಲರೂ ಹೇಳಿದರು. ಮಲ ಕಪ್ಪಾಗುತ್ತದೆ, ಗಾಬರಿ ಬೇಡ ಅನ್ನುವುದನ್ನೂ ಎಲ್ಲರೂ ಹೇಳಿದರು, ಕೆಲವರು ನಗುತ್ತಾ. ಆದರೆ ಇದು ಸಂಶೋಧನೆ ಅನ್ನುವುದು ಹೆಚ್ಚಿನವರ ಮಾತಿನಲ್ಲಿ ಬರಲೇ ಇಲ್ಲ. "ರಕ್ತ ಪರೀಕ್ಷೆ ಮಾಡಿ ಗುಳಿಗೆ ಕೊಡ್ತಾರಂತೆ" ಅಂದರು. ಚಿಕಿತ್ಸೆ ಕೊಡಲು ಬಂದಿದ್ದಾರೆ, ತನಗೆ ಯಾವುದು ಒಳ್ಳೆಯದೋ ಅದನ್ನೇ ಡಾಕ್ಟರ್ ಆರಿಸಿದ್ದಾರೆ ಅನ್ನುವ ಈ ತಪ್ಪು ತಿಳುವಳಿಕೆ ಓದಿದವರಲ್ಲೂ ಇರುತ್ತದೆ. ಅದಕ್ಕೆ ಒಂದು ಹೆಸರೇ ಇದೆ, ಥೆರಪ್ಯುಟಿಕ್ ಮಿಸ್‌ಕನ್ಸೆಪ್ಷನ್ ಅಂತ. ಓದಿದವರು ಕನಿಷ್ಠ ಕಾಗದವನ್ನು ಮತ್ತೆ ತಿರುವಿ ನೋಡಬಹುದು.

ಹೆಚ್ಚು ಒದ್ದಾಡಿದ್ದು ಗುಂಪು ಹಂಚುವ ವಿಷಯಕ್ಕೆ. "ಯಾದೃಚ್ಛಿಕ" ಅನ್ನುವ ಪದ ಮೊದಲೇ ಹೋಗಿತ್ತು. ಅದರ ಜಾಗದಲ್ಲಿ "ಲಾಟರಿ ಎತ್ತಿದ ಹಾಗೆ" ಅಂತ ಬರೆದಿದ್ದೆ. ಒಬ್ಬಾಕೆ ಕೇಳಿದರು, "ಹಂಗಾದ್ರೆ ಗೆದ್ದೋರಿಗೆ ಒಳ್ಳೆ ಗುಳಿಗೆನಾ?" ಲಾಟರಿ ಅಂದರೆ ಬಹುಮಾನ ಇರಲೇಬೇಕು, ಸೋತವರೂ ಇರಲೇಬೇಕು. ನಮ್ಮಲ್ಲಿ ಎರಡೂ ಇಲ್ಲ. ಲಾಟರಿ ಅನ್ನುವ ಮಾತನ್ನೇ ಕೈಬಿಟ್ಟೆ.

ಆಮೇಲೆ ನಾಣ್ಯ ಚಿಮ್ಮುವುದು. ಪುಸ್ತಕಗಳು ಹೇಳುವ ಹೋಲಿಕೆಯೇ ಅದು. ಅದಕ್ಕೆ ಇನ್ನೊಬ್ಬರು ಸಿಟ್ಟಾದರು. "ನಾಣ್ಯ ಚಿಮ್ಮಿ ಔಷಧಿ ಕೊಡ್ತೀರಾ? ಡಾಕ್ಟರಿಗೆ ಗೊತ್ತಾಗಲ್ವಾ ಯಾರಿಗೆ ಏನು ಕೊಡಬೇಕು ಅಂತ?"

ಆ ಸಿಟ್ಟಿನ ಬಗ್ಗೆ ಎರಡು ದಿನ ಯೋಚಿಸಿದೆ. ಆಕೆ ಕೇಳಿದ್ದು ಸರಿಯಾದ ಪ್ರಶ್ನೆ. ಹೋಲಿಕೆ ಬದಲಾಯಿಸುತ್ತಾ ಕೂತಿದ್ದ ನಾನು, ಹೋಲಿಕೆಗಿಂತ ಮೊದಲು ಹೇಳಬೇಕಾದ ಒಂದು ಸಾಲನ್ನೇ ಹೇಳಿರಲಿಲ್ಲ. ಡಾಕ್ಟರಿಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿದ್ದರೆ ಈ ಅಧ್ಯಯನವನ್ನೇ ಮಾಡಬಾರದು. ಕಮಿಟಿಗೆ ಕೊಟ್ಟ ಪ್ರೋಟೊಕಾಲ್‌ನಲ್ಲಿ ಇದಕ್ಕೆ ಒಂದು ಪುಟ ಮೀಸಲಿತ್ತು. ಹೆಂಗಸರಿಗೆ ಓದುವ ಕಾಗದದಲ್ಲಿ ಅರ್ಧ ಸಾಲೂ ಇರಲಿಲ್ಲ.

ಮೂರನೇ ಕರಡಿನಲ್ಲಿ ಹೋಲಿಕೆ ಬಿಟ್ಟು, ಆ ದಿನ ಅವರ ಕಣ್ಣೆದುರು ಏನು ನಡೆಯುತ್ತದೋ ಅದನ್ನೇ ಬರೆದೆ: "ದಿನಾ ಗುಳಿಗೆ ತಗೊಂಡರೆ ಒಳ್ಳೆಯದಾ, ದಿನ ಬಿಟ್ಟು ದಿನ ತಗೊಂಡರೆ ಒಳ್ಳೆಯದಾ? ಇದು ನಮಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ತಿಳಿದುಕೊಳ್ಳುವುದಕ್ಕೇ ಈ ಸಂಶೋಧನೆ. ನೀವು ಒಪ್ಪಿದರೆ ಒಂದು ಮುಚ್ಚಿದ ಲಕೋಟೆ ತೆರೆಯುತ್ತೇವೆ. ಒಳಗೆ 'ದಿನಾ' ಅಂತ ಇರಬಹುದು, 'ದಿನ ಬಿಟ್ಟು ದಿನ' ಅಂತ ಇರಬಹುದು. ತೆರೆಯುವ ತನಕ ನಮಗೂ ಗೊತ್ತಿರುವುದಿಲ್ಲ. ಇಂಥದ್ದೇ ಬೇಕು ಅಂತ ನಾವೂ ಆರಿಸುವ ಹಾಗಿಲ್ಲ, ನೀವೂ ಆರಿಸುವ ಹಾಗಿಲ್ಲ."

"ನಮಗೂ ಗೊತ್ತಿಲ್ಲ" ಅನ್ನುವುದನ್ನು ನೋಡಿ ಗೈಡ್ ಹಿಂದೆ ಮುಂದೆ ನೋಡಿದರು. ಜನ ನಂಬಿಕೆ ಕಳೆದುಕೊಳ್ಳುತ್ತಾರೆ ಅಂದರು. ನಾನು ಬಿಡಲಿಲ್ಲ. ಹೊಸದಾಗಿ ಆರು ಜನರಿಗೆ ಓದಿದೆವು. ಐದು ಜನ ಲಕೋಟೆಯ ವಿಷಯ ತಾವಾಗಿಯೇ ಹೇಳಿದರು. ಒಬ್ಬರಂತೂ, "ಇವರಿಗೇ ಗೊತ್ತಿಲ್ಲ, ನಮ್ಮಿಂದ ಕಲೀತಾರಂತೆ" ಅಂದರು. ಸಂಶೋಧನೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಥೀಸಿಸ್‌ನಲ್ಲಿ ಇಲ್ಲ.

ಚಿತ್ರಗಳ ಬಗ್ಗೆ ಸ್ವಲ್ಪ. ಓದು ಬಾರದವರಿಗೆ ಚಿತ್ರ ಹಾಕಿದರೆ ಆಯಿತು ಅಂತ ನಾನೂ ನಂಬಿದ್ದೆ. ಸೂಜಿಯ ಪಕ್ಕ ಒಂದು ದೊಡ್ಡ ಕೆಂಪು ಹನಿ ಬರೆಸಿದ್ದೆ. "ಇಷ್ಟೊಂದು ರಕ್ತಾನಾ?" ಅಂದರು. ಬಾಣದ ಗುರುತುಗಳನ್ನು ಯಾರೂ "ಆಮೇಲೆ" ಅಂತ ಓದಲಿಲ್ಲ. ಚಿತ್ರ ಓದುವುದೂ ಕಲಿತೇ ಬರುವ ವಿದ್ಯೆ. ಕೊನೆಗೆ ಒಂದೇ ಚಿತ್ರ ಉಳಿಯಿತು, ಸಾಲಾಗಿ ಏಳು ಚೌಕ, ಗುಳಿಗೆ ಇರುವ ದಿನಕ್ಕೆ ಗುಳಿಗೆಯ ಚಿತ್ರ, ಇಲ್ಲದ ದಿನ ಖಾಲಿ. ರಕ್ತದ ಅಳತೆಗೆ "ಒಂದು ಚಿಕ್ಕ ಚಮಚ" ಅಂತ ಬರೆದು, ಜೊತೆಗೆ 5 ಮಿ.ಲೀ. ಬಣ್ಣದ ನೀರು ತುಂಬಿದ ಟ್ಯೂಬನ್ನೇ ಕೈಗೆ ಕೊಡುವುದು ಅಂತ ತೀರ್ಮಾನಿಸಿದೆವು. ತೋರಿಸುವ ವಸ್ತುವಿಗೂ ಕಮಿಟಿಯ ಒಪ್ಪಿಗೆ ಬೇಕು. ಟ್ಯೂಬಿನ ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿದೆ.

ಕಮಿಟಿ ಬ್ಯಾಕ್ ಟ್ರಾನ್ಸ್‌ಲೇಷನ್ ಕೂಡ ಕೇಳಿತ್ತು. ಮೂಲ ನೋಡದ ಒಬ್ಬರು ಕನ್ನಡದಿಂದ ಇಂಗ್ಲಿಷಿಗೆ ವಾಪಸ್ ಅನುವಾದ ಮಾಡಿ, ಎರಡನ್ನೂ ಹೋಲಿಸುವುದು. ತಮಾಷೆ ಏನೆಂದರೆ, ನನ್ನ ಒಂಬತ್ತು ಪುಟದ ಮೊದಲ ಕರಡು ಅದರಲ್ಲಿ ಸಲೀಸಾಗಿ ಪಾಸಾಗಿತ್ತು. ಅನುವಾದಕರಿಗೆ "ಯಾದೃಚ್ಛಿಕ" ಗೊತ್ತಿರುತ್ತದೆ, ಅಲ್ವಾ? ಅರ್ಥ ಕೆಟ್ಟಿದ್ದರೆ ಅದು ಹಿಡಿಯುತ್ತದೆ. ಅರ್ಥವಾಗುತ್ತದಾ ಅನ್ನುವುದು ಅದಕ್ಕೆ ಸಿಗುವುದಿಲ್ಲ. ಎರಡನೇ ಸಲ ಅರ್ಜಿ ಹಾಕುವಾಗ ಅನುವಾದದ ಪ್ರಮಾಣಪತ್ರದ ಜೊತೆಗೆ, ಓದಿ ಹೇಳಿದಾಗ ಯಾವ ಸಾಲಿಗೆ ಏನು ಅಂದರು, ಅದಕ್ಕೆ ಏನು ಬದಲಾಯಿಸಿದೆವು ಅಂತ ಎರಡು ಪುಟದ ಪಟ್ಟಿ ಇಟ್ಟೆ.

ಇನ್ನು ಸಹಿಯ ಪುಟ. ನಾನು ಅತಿ ಕಡಿಮೆ ಯೋಚಿಸಿದ್ದು ಇದರ ಬಗ್ಗೆ. ಓದೋಕೆ ಬಾರದವರಿದ್ದರೆ ನಿಷ್ಪಕ್ಷಪಾತ ಸಾಕ್ಷಿ ಬೇಕು ಅಂತ, ಔಷಧ ಪ್ರಯೋಗ ಹೇಗೆ ನಡೆಸಬೇಕು ಅನ್ನುವುದಕ್ಕಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್-ಜಿಸಿಪಿ ಹೇಳುತ್ತದೆ. 2016ರ ಆವೃತ್ತಿಯಲ್ಲಿ ಇದು 4.8.9ನೇ ಅಂಶ. ಆ ಸಾಕ್ಷಿ ಸಂಶೋಧನಾ ತಂಡದವರಾಗಿರಬಾರದು, ತಂಡದವರ ಒತ್ತಡಕ್ಕೆ ಸಿಗುವವರೂ ಆಗಿರಬಾರದು. ಅವರಿಗೆ ಓದು ಬರಬೇಕು. ಮಾತುಕತೆಯ ಶುರುವಿನಿಂದ ಕೊನೆಯ ತನಕ ಕೂತಿರಬೇಕು. ವಿವರಣೆ ಕಾಗದದಲ್ಲಿ ಇದ್ದ ಹಾಗೇ ಇತ್ತು, ಅರ್ಥವಾದಂತೆ ಕಂಡಿತು, ಒಪ್ಪಿಗೆ ಸ್ವಂತ ಇಷ್ಟದಿಂದ ಬಂತು, ಇಷ್ಟಕ್ಕೆ ಸಹಿ ಹಾಕಿ ದಿನಾಂಕವನ್ನು ತಾವೇ ಬರೆಯಬೇಕು.

ನಾನು ಅರ್ಜಿಯಲ್ಲಿ ಬರೆದಿದ್ದು "ಕೆಲಸದ ಜಾಗದ ಮೇಲ್ವಿಚಾರಕರು ಸಾಕ್ಷಿಯಾಗಿರುತ್ತಾರೆ" ಅಂತ. ಅವರಿಗೆ ಓದು ಬರುತ್ತದೆ, ಯಾವಾಗಲೂ ಅಲ್ಲೇ ಇರುತ್ತಾರೆ, ನಮ್ಮ ತಂಡದವರಲ್ಲ. ಅನುಕೂಲ ಅಂದುಕೊಂಡಿದ್ದೆ. ಕಮಿಟಿಯ ಸಭೆಯಲ್ಲಿ ವಿಜ್ಞಾನದ ಹಿನ್ನೆಲೆ ಇಲ್ಲದ ಸಾಮಾನ್ಯ ಸದಸ್ಯರೊಬ್ಬರು ಮೆಲ್ಲಗೆ ಕೇಳಿದರು, "ನಾಳೆ ಕೆಲಸ ಕೊಡುವವರ ಎದುರಿಗೆ ಯಾರು 'ಬೇಡ' ಅಂತಾರಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಕ್ಷಿ ನಮಗೆ ಸಂಬಂಧವಿಲ್ಲದವರಾದರೆ ಸಾಲದು, ಆ ಹೆಂಗಸರ ಮೇಲೆ ಅಧಿಕಾರ ಇಲ್ಲದವರೂ ಆಗಿರಬೇಕು ಅನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಆಮೇಲೆ ಸಾಕ್ಷಿಗೆ ಭಾಗವಹಿಸುವವರೇ ತಮಗೆ ಬೇಕಾದ ಒಬ್ಬರನ್ನು, ಶಾಲೆಗೆ ಹೋದ ಅಕ್ಕಪಕ್ಕದವರನ್ನೋ ಗೆಳತಿಯನ್ನೋ, ಕರೆತರಬಹುದು ಅಂತ ಬದಲಾಯಿಸಿದೆವು. ಯಾರೂ ಇಲ್ಲದಿದ್ದರೆ ನಾವು ಹೇಳಿಟ್ಟ ಇಬ್ಬರು ನಿವೃತ್ತ ಶಿಕ್ಷಕಿಯರು ಬರುತ್ತಿದ್ದರು.

ಯಾರಿಗೆ ಸಾಕ್ಷಿ ಬೇಕು ಅಂತ ತಿಳಿಯುವುದು ಹೇಗೆ? "ಓದೋಕೆ ಬರುತ್ತಾ?" ಅಂತ ನೇರ ಕೇಳಿದರೆ ಕೆಲವರು ನಾಚಿಕೆಗೆ ಹೌದು ಅನ್ನುತ್ತಾರೆ. ಹೆಸರು ಬರೆಯೋಕೆ ಕಲಿತು, ಅದೊಂದೇ ಬರುವವರೂ ಇದ್ದಾರೆ. ಸಹಿ ಹಾಕಿದರು ಅಂದರೆ ಓದಿದರು ಅಂತ ಅಲ್ಲ. ನಾವು ಯಾರನ್ನೂ ಕೇಳಲಿಲ್ಲ. ಎಲ್ಲರಿಗೂ ಓದಿ ಹೇಳುವುದು, ಎಲ್ಲರಿಗೂ ಸಾಕ್ಷಿ ಇರುವುದು ಅಂತ ಒಂದೇ ನಿಯಮ ಮಾಡಿದೆವು. ಸಮಯ ಜಾಸ್ತಿ ಹಿಡಿಯಿತು. ಆದರೂ ನನಗೆ ಈಗಲೂ ಅದೇ ಸರಿ ಅನ್ನಿಸುತ್ತದೆ.

ಆ ಹನ್ನೊಂದನೇ ಪ್ರಶ್ನೆಯ ಸಾಲು ಕೊನೆಗೆ "ಈ ಕಾಗದವನ್ನು ನನಗೆ ಪೂರ್ತಿ ಓದಿ ಹೇಳಿದರು. ನನ್ನ ಪ್ರಶ್ನೆಗಳನ್ನು ಕೇಳಲು ಸಮಯ ಕೊಟ್ಟರು" ಅಂತಾಯಿತು. ಹೆಬ್ಬೆಟ್ಟಿನ ಜಾಗದ ಪಕ್ಕ, ಭಾಗವಹಿಸುವವರ ಹೆಸರನ್ನು ಬೇರೆಯವರು ಬರೆದಿದ್ದರೆ ಬರೆದದ್ದು ಯಾರು ಅಂತ ಒಂದು ಗೆರೆ ಸೇರಿಸಿದೆವು. ಹೆಬ್ಬೆಟ್ಟಿಗೆ ಹೆದರುವವರೂ ಸಿಕ್ಕರು. "ಹೆಬ್ಬೆಟ್ಟು ಒತ್ತಿಸ್ಕೊಂಡು ಏನೇನೋ ಬರ್ಕೋತಾರೆ" ಅಂತ ಪರೀಕ್ಷೆಯ ಸಮಯದಲ್ಲೇ ಒಬ್ಬರು ಅಂದಿದ್ದರು. ತಪ್ಪೇನಿಲ್ಲ. ಅದಕ್ಕೇ ಹೆಬ್ಬೆಟ್ಟಿನ ಮೇಲೆಯೇ ಬರೆದೆವು: "ಇದನ್ನು ಒತ್ತುವುದರಿಂದ ನಿಮ್ಮ ಯಾವ ಹಕ್ಕೂ ಹೋಗುವುದಿಲ್ಲ. ಗುಳಿಗೆಯಿಂದ ತೊಂದರೆಯಾದರೆ ಚಿಕಿತ್ಸೆ ನಾವು ಕೊಡಿಸುತ್ತೇವೆ, ಅದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ." ಖಾಲಿ ಜಾಗಗಳಿಗೆಲ್ಲ ಅವರ ಎದುರೇ ಗೆರೆ ಎಳೆಯುವುದನ್ನೂ ರೂಢಿ ಮಾಡಿಕೊಂಡೆವು.

ಕಾಗದದ ಒಂದು ಪ್ರತಿ ಅವರಿಗೆ ಕೊಡಲೇಬೇಕು. "ನನಗ್ಯಾಕೆ ಇದು, ಓದೋಕೆ ಬರಲ್ಲ" ಅನ್ನುತ್ತಿದ್ದರು. ಆದರೆ ಅಕ್ಷರ ಬಾರದ ಎಷ್ಟೋ ಜನರಿಗೆ ಅಂಕಿ ಬರುತ್ತದೆ, ದಿನಾ ಫೋನ್ ಮಾಡುತ್ತಾರಲ್ಲ. ಆರನೇ ಪ್ಯಾರಾದಲ್ಲಿ ಅಡಗಿದ್ದ ಫೋನ್ ನಂಬರನ್ನು ಮೊದಲ ಪುಟದ ತಲೆಗೆ ದಪ್ಪ ಅಂಕಿಯಲ್ಲಿ ತಂದೆವು. ಕಮಿಟಿಯ ನಂಬರನ್ನು ಅದರ ಕೆಳಗೆ ಬೇರೆ ಬಣ್ಣದಲ್ಲಿ ಹಾಕಿ, "ನಮ್ಮ ಮೇಲೆ ದೂರು ಇದ್ದರೆ ಇದಕ್ಕೆ" ಅಂತ ಬೆರಳಿಟ್ಟು ತೋರಿಸುತ್ತಿದ್ದೆವು.

ನಾಲ್ಕನೇ ಆವೃತ್ತಿಗೆ ಒಪ್ಪಿಗೆ ಸಿಕ್ಕಿತು. ಪ್ರತಿ ಪುಟದ ಕೆಳಗೆ ಆವೃತ್ತಿ ಸಂಖ್ಯೆ, ದಿನಾಂಕ. ಒಪ್ಪಿಗೆಯ ಪತ್ರದಲ್ಲೂ ಅದೇ ಸಂಖ್ಯೆ ಇದೆಯಾ ಅಂತ ಎರಡು ಸಲ ನೋಡಿದೆ. ಇನ್ನು ಒಂದು ಪದ ಬದಲಾದರೂ ತಿದ್ದುಪಡಿಯ ಅರ್ಜಿ ಹಾಕಬೇಕು.

ಕೆಲಸ ಶುರುವಾದ ಮೊದಲ ವಾರ. ಐದನೆಯವರೋ ಆರನೆಯವರೋ, ವಯಸ್ಸಾದ ಹೆಂಗಸು. ಪೂರ್ತಿ ಕೇಳಿಸಿಕೊಂಡರು. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಪರೀಕ್ಷೆ ಆದ್ಮೇಲೆ ಮಿಕ್ಕಿದ ರಕ್ತ ಏನ್ಮಾಡ್ತೀರಾ?" ಅಂದರು.

ಮೂರನೇ ಪುಟದಲ್ಲಿ "ಉಳಿದ ರಕ್ತವನ್ನು ಮುಂದಿನ ಪರೀಕ್ಷೆಗೆ ಇಟ್ಟುಕೊಳ್ಳುತ್ತೇವೆ" ಅಂತ ಒಂದು ಸಾಲು ಇತ್ತು. ಅದನ್ನೇ ಮತ್ತೆ ಓದಿದೆ. "ಯಾವ ಪರೀಕ್ಷೆಗೆ?" ಅಂದರು. ಅದು ನಮಗೇ ಇನ್ನೂ ಗೊತ್ತಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಳಿಗೆ ತಗೋತೀನಿ, ರಕ್ತ ಇಟ್ಕೊಳ್ಳೋದು ಬೇಡ. ಹಂಗೆ ಆಗುತ್ತಾ?" ಅಂತ ಕೇಳಿದರು.

ಆಗಬೇಕಿತ್ತು. ಆದರೆ ನನ್ನ ಕಾಗದದಲ್ಲಿ ಇದ್ದದ್ದು ಒಂದೇ ಹೆಬ್ಬೆಟ್ಟಿನ ಜಾಗ, ಎರಡಕ್ಕೂ ಸೇರಿಸಿ. ಉಳಿದ ರಕ್ತ ಇಟ್ಟುಕೊಳ್ಳಲು ಬೇರೆಯಾಗಿ ಕೇಳಬೇಕು ಅಂತ ಓದಿದ್ದೆ. ನಾಲ್ಕು ಆವೃತ್ತಿ ತಿದ್ದುವ ಭರದಲ್ಲಿ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಕಮಿಟಿಯ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಬರುತ್ತೇನೆ ಅಂದೆ. ಮೊದಲು ಸೇರಿದವರ ಉಳಿದ ರಕ್ತದ ಟ್ಯೂಬುಗಳನ್ನು ಹಾಗೇ ಬೇರೆ ಎತ್ತಿಟ್ಟು, ಅವರಿಂದ ಮತ್ತೆ ಕೇಳುತ್ತೇವೆ ಅಂತ ಬರೆದೆ. ಸಂಜೆ ತಿದ್ದುಪಡಿಯ ಅರ್ಜಿ ತಯಾರಾಯಿತು. ಆವೃತ್ತಿ 5, ಕೊನೆಯ ಪುಟದಲ್ಲಿ ಹೆಬ್ಬೆಟ್ಟಿಗೆ ಎರಡು ಚೌಕ. "ಬದಲಾವಣೆಗೆ ಕಾರಣ" ಅನ್ನುವ ಜಾಗದಲ್ಲಿ ಬರೆದೆ: "ಭಾಗವಹಿಸಲು ಬಂದವರೊಬ್ಬರು ಕೇಳಿದ ಪ್ರಶ್ನೆ."